ಒಂದು ಸೀಟಿನ ದರ, ಐದು ಸೀಟಿನ ಬಿಲ್ಲು

2010ರ ಮೇ ತಿಂಗಳಲ್ಲಿ ಝೆಂಡೆಸ್ಕ್ ಎಂಬ ಕಂಪನಿ ತನ್ನ ಹೆಲ್ಪ್‌ಡೆಸ್ಕ್ ಸಾಫ್ಟ್‌ವೇರ್‌ನ ದರ ಏರಿಸಿತು. ಹಳೆಯ ಗ್ರಾಹಕರು ಸಿಟ್ಟಿಗೆದ್ದರು, ಕಂಪನಿ ಕ್ಷಮೆ ಕೇಳಿ ಹಿಂದೆ ಸರಿಯಿತು. ಆ ಗಲಾಟೆಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಓದಿದವರಲ್ಲಿ ಚೆನ್ನೈನ ಗಿರೀಶ್ ಮಾತೃಭೂತಂ ಕೂಡ ಒಬ್ಬರು. ಜೋಹೊ ಕಂಪನಿಯಲ್ಲಿದ್ದ ಅವರು ಕೆಲಸ ಬಿಟ್ಟು ಗೆಳೆಯ ಷಾನ್ ಕೃಷ್ಣಸಾಮಿ ಜೊತೆ ಅದೇ ವರ್ಷ ಫ್ರೆಶ್‌ಡೆಸ್ಕ್ ಶುರು ಮಾಡಿದರು. ಮುಂದೆ ಫ್ರೆಶ್‌ವರ್ಕ್ಸ್ ಎಂದು ಹೆಸರಾದ ಆ ಕಂಪನಿ 2021ರಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಸೇರಿತು. ಒಂದು ದರಪಟ್ಟಿಯ ಜಗಳ ಇನ್ನೊಂದು ಕಂಪನಿಯ ಹುಟ್ಟಿಗೆ ಕಾರಣವಾಯಿತು ಎಂದರೆ, ಈ ವ್ಯವಹಾರದಲ್ಲಿ ದರದ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದು ತಿಳಿಯುತ್ತದೆ.

ಸಾಫ್ಟ್‌ವೇರ್ ಮಾಡುವ ಕೆಲಸ ಸರಳ. ಗ್ರಾಹಕರ ಪ್ರತಿಯೊಂದು ದೂರು, ಪ್ರಶ್ನೆ, ವಿನಂತಿಯನ್ನೂ ಅದು ಒಂದು ಟಿಕೆಟ್ ಆಗಿ ದಾಖಲಿಸುತ್ತದೆ, ಯಾರಾದರೊಬ್ಬರ ಹೆಸರಿಗೆ ಹಚ್ಚುತ್ತದೆ, ಉತ್ತರ ಹೋಗುವವರೆಗೂ ಅದನ್ನು ಕಣ್ಣೆದುರು ಇಡುತ್ತದೆ. ಹೀಗೆ ಉತ್ತರ ಕೊಡುವ ನೌಕರರೇ ಏಜೆಂಟ್‌ಗಳು. ಒಬ್ಬ ಏಜೆಂಟಿಗೆ ಒಂದು ಲಾಗಿನ್. ಆ ಲಾಗಿನ್‌ಗೆ ವ್ಯಾಪಾರದ ಮಾತಿನಲ್ಲಿ ಸೀಟು ಎಂದು ಹೆಸರು. ತಿಂಗಳಿಗೆ ಸೀಟಿಗಿಷ್ಟು ಎಂದು ಬಿಲ್ಲು ಬರುತ್ತದೆ.

ದರಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಸೀಟಿನ ಬೆಲೆ. ಬಿಲ್ಲನ್ನು ನಿಜವಾಗಿ ಬೆಳೆಸುವುದು ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಮಿತಿಗಳು: ಯಾವ ಪ್ಲಾನಿನಲ್ಲಿ ಯಾವ ಚಾನೆಲ್, ಎಷ್ಟು ಆಟೊಮೇಶನ್ ರೂಲ್, ಎಷ್ಟು ತಿಂಗಳ ರಿಪೋರ್ಟ್.

ಲೆಕ್ಕಕ್ಕೆಂದು ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಚಿಕ್ಕಮಗಳೂರಿನಿಂದ ಆನ್‌ಲೈನಿನಲ್ಲಿ ಕಾಫಿ ಪುಡಿ ಮಾರುವ ಒಂದು ಸಣ್ಣ ಸಂಸ್ಥೆ. ಗ್ರಾಹಕರಿಗೆ ಉತ್ತರಿಸುವವರು ಐದು ಮಂದಿ. ಕೆಳಗಿನ ಪ್ಲಾನಿಗೆ ಸೀಟಿಗೆ ತಿಂಗಳಿಗೆ 1,200 ರೂಪಾಯಿ, ಮೇಲಿನದಕ್ಕೆ 4,000 ಎಂದಿಟ್ಟುಕೊಳ್ಳೋಣ. ಇವು ಯಾವುದೇ ಕಂಪನಿಯ ದರವಲ್ಲ. ಕೆಳಗಿನ ಪ್ಲಾನಿನಲ್ಲಿ ಇಮೇಲ್ ಮಾತ್ರ ಇದೆ, ಐದು ಸೀಟಿಗೆ 6,000 ಆಗುತ್ತದೆ. ಆದರೆ ಗ್ರಾಹಕರು ಬರೆಯುವುದು ವಾಟ್ಸಾಪಿನಲ್ಲಿ. ಅದನ್ನು ನೋಡಿಕೊಳ್ಳಲು ಒಬ್ಬರು ಸಾಕು, ಹಾಗಾಗಿ ಅವರೊಬ್ಬರಿಗೆ ಮೇಲಿನ ಪ್ಲಾನ್ ಕೊಳ್ಳೋಣ ಎಂದು ಮಾಲೀಕರು ಹೊರಡುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಅವಕಾಶವಿರುವುದಿಲ್ಲ. ಒಂದು ಖಾತೆಗೆ ಒಂದೇ ಪ್ಲಾನ್, ಐದೂ ಸೀಟು ಒಟ್ಟಿಗೇ ಮೇಲೇರಬೇಕು. ಒಬ್ಬರ ಅಗತ್ಯಕ್ಕಾಗಿ ಬಿಲ್ಲು 6,000ದಿಂದ 20,000ಕ್ಕೆ ಹಾರುತ್ತದೆ, ಮೇಲೆ ಶೇ. 18 ಜಿಎಸ್‌ಟಿ.

ಅಲ್ಲಿಗೂ ವಾಟ್ಸಾಪಿನ ಖರ್ಚು ಮುಗಿಯಲಿಲ್ಲ. ಗ್ರಾಹಕರ ಕೊನೆಯ ಸಂದೇಶ ಬಂದು 24 ಗಂಟೆಯೊಳಗೆ ಮಾತ್ರ ಸಂಸ್ಥೆ ತನ್ನ ಮಾತಿನಲ್ಲಿ ಮುಕ್ತವಾಗಿ ಉತ್ತರಿಸಬಹುದು. ಆಮೇಲೆ ಕಳಿಸಲು ಸಾಧ್ಯವಿರುವುದು ಮೊದಲೇ ಒಪ್ಪಿಗೆ ಪಡೆದ ಟೆಂಪ್ಲೇಟ್ ಸಂದೇಶ; ಅದರ ಶುಲ್ಕ ವಾಟ್ಸಾಪಿನ ಒಡೆಯ ಮೆಟಾ ಕಂಪನಿಯದು, ಸೀಟಿನ ಬೆಲೆಗೂ ಅದಕ್ಕೂ ಸಂಬಂಧವಿಲ್ಲ. ಶನಿವಾರ ಸಂಜೆ ಬಂದ ದೂರಿಗೆ ಸೋಮವಾರ ಬೆಳಿಗ್ಗೆ ಉತ್ತರಿಸುವ ಸಂಸ್ಥೆಗೆ ಈ ಗಡುವು ಪ್ರತಿವಾರವೂ ತಪ್ಪುತ್ತದೆ.

ದೀಪಾವಳಿ ಬಂತು, ಎರಡು ತಿಂಗಳಿಗೆ ಇನ್ನೂ ಮೂವರು ಬೇಕು. ತಿಂಗಳ ಲೆಕ್ಕದ ಒಪ್ಪಂದವಾದರೆ ಹೆಚ್ಚುವರಿ ಖರ್ಚು 24,000. ಆದರೆ ರಿಯಾಯಿತಿಯ ಆಸೆಗೆ ವರ್ಷದ ಒಪ್ಪಂದ ಮಾಡಿಕೊಂಡಿದ್ದರೆ, ನಡುವೆ ಸೇರಿಸಿದ ಸೀಟನ್ನು ನವೀಕರಣದ ದಿನದವರೆಗೆ ತೆಗೆಯಲು ಬಿಡದ ಷರತ್ತು ಇರುವುದುಂಟು. ನವೀಕರಣಕ್ಕೆ ಇನ್ನೂ ಎಂಟು ತಿಂಗಳಿದ್ದರೆ ಮೂರು ಸೀಟಿಗೆ 96,000. ವರ್ಷದ ರಿಯಾಯಿತಿಯಲ್ಲಿ ಉಳಿಸಿದ್ದೆಲ್ಲ ಇಲ್ಲಿ ಕರಗಿಹೋಗುತ್ತದೆ. ಇಂಥ ಸಂದರ್ಭಕ್ಕೆಂದೇ ಫ್ರೆಶ್‌ಡೆಸ್ಕ್ ಡೇ ಪಾಸ್ ಎಂಬ ವ್ಯವಸ್ಥೆ ತಂದಿದೆ: ಅಪರೂಪಕ್ಕೆ ಬರುವ ಏಜೆಂಟ್ ಲಾಗಿನ್ ಆದ ದಿನಕ್ಕಷ್ಟೇ ಹಣ. ಝೆಂಡೆಸ್ಕ್‌ನಲ್ಲಿ ಲೈಟ್ ಏಜೆಂಟ್ ಎಂಬ ಬಗೆಯಿದೆ. ಗೋದಾಮಿನವರೋ ಲೆಕ್ಕಿಗರೋ ಟಿಕೆಟ್ ಓದಿ ಒಳಗಿನವರಿಗೆ ಟಿಪ್ಪಣಿ ಬರೆಯಬಹುದು, ಗ್ರಾಹಕರಿಗೆ ಉತ್ತರಿಸುವಂತಿಲ್ಲ. ಯಾರಿಗೆ ಪೂರ್ಣ ಸೀಟು ಬೇಕು, ಯಾರಿಗೆ ಓದಿದರೆ ಸಾಕು ಎಂದು ಮೊದಲು ವಿಂಗಡಿಸಿದರೆ ಐದರಲ್ಲಿ ಒಂದೆರಡು ಸೀಟು ಉಳಿದರೂ ಉಳಿದೀತು.

ಅನೇಕ ಕಡೆ ಕಂಡುಕೊಳ್ಳುವ ದಾರಿ ಬೇರೆ. ಒಂದೇ ಲಾಗಿನ್‌ನಲ್ಲಿ ಮೂವರು ಕೂರುತ್ತಾರೆ. ಇದು ಒಪ್ಪಂದಕ್ಕೆ ವಿರುದ್ಧ ಎಂಬುದು ಒಂದು ಮಾತಾಯಿತು. ಕೆಲಸಕ್ಕೆ ಆಗುವ ಹಾನಿ ಅದಕ್ಕಿಂತ ದೊಡ್ಡದು. ಒಂದು ಟಿಕೆಟನ್ನು ಇಬ್ಬರು ಒಟ್ಟಿಗೆ ತೆರೆದರೆ ಎಚ್ಚರಿಸುವ ಸೌಲಭ್ಯ ಲಾಗಿನ್ ನೋಡಿ ಕೆಲಸ ಮಾಡುವುದರಿಂದ ಇಲ್ಲಿ ಸುಮ್ಮನಿರುತ್ತದೆ. ಒಬ್ಬರು ಹಣ ವಾಪಸ್ ಎಂದು ಬರೆದರೆ, ಇನ್ನೊಬ್ಬರು ಬದಲಿ ಪ್ಯಾಕೆಟ್ ಕಳಿಸುತ್ತೇವೆ ಎಂದು ಬರೆದಿರುತ್ತಾರೆ. ಯಾರು ಯಾವುದನ್ನು ಬರೆದರೆಂದು ಆಮೇಲೆ ಪತ್ತೆ ಮಾಡಲಾಗುವುದಿಲ್ಲ.

ಆಟೊಮೇಶನ್ ರೂಲ್‌ಗಳ ಮಿತಿ ಇನ್ನೊಂದು ಬಗೆಯದು. ಇಲ್ಲಿ ದುಡ್ಡಿಗಿಂತ ಜಾಣ್ಮೆ ಹೆಚ್ಚು ಉಳಿಸುತ್ತದೆ. ‘ಪಾರ್ಸೆಲ್ ಬಂದಿಲ್ಲ’ ಎಂಬ ಪದಗಳಿದ್ದರೆ ಕೊರಿಯರ್ ನೋಡಿಕೊಳ್ಳುವವರಿಗೆ ಕಳಿಸು ಎಂಬುದು ಒಂದು ರೂಲ್. ‘ತಡ’, ‘ಡೆಲಿವರಿ’, ‘ಟ್ರ್ಯಾಕಿಂಗ್’ ಎಂದು ಪದಕ್ಕೊಂದು ರೂಲ್ ಬರೆಯುತ್ತ ಹೋದರೆ ಮಿತಿ ಬೇಗ ಮುಗಿಯುತ್ತದೆ, ಮೇಲಿನ ಪ್ಲಾನ್ ಅನಿವಾರ್ಯ ಅನ್ನಿಸುತ್ತದೆ. ಇವುಗಳಲ್ಲಿ ಯಾವುದಿದ್ದರೂ ಸಾಕು ಎಂಬ ಷರತ್ತು ಹಾಕಿದರೆ ಎಲ್ಲವೂ ಒಂದೇ ರೂಲ್‌ನಲ್ಲಿ ಅಡಗುತ್ತವೆ.

ರೂಲ್‌ಗಳ ಸಾಲಿನ ಕ್ರಮವನ್ನೂ ಗಮನಿಸಬೇಕು. ಫ್ರೆಶ್‌ಡೆಸ್ಕ್‌ನಲ್ಲಿ ಹೊಸ ಟಿಕೆಟಿಗೆ ಮೊದಲು ಹೊಂದುವ ರೂಲ್ ಮಾತ್ರ ಓಡಬೇಕೇ, ಹೊಂದುವ ಎಲ್ಲವೂ ಓಡಬೇಕೇ ಎಂದು ಆರಿಸಬಹುದು. ‘ಪ್ಯಾಕೆಟ್ ಒಡೆದಿದೆ, ಹಣ ವಾಪಸ್ ಕೊಡಿ’ ಎಂಬ ಪತ್ರ ಬಂತೆನ್ನಿ. ಹಣದ ರೂಲ್ ಮೇಲಿದ್ದು ಮೊದಲನೆಯದು ಮಾತ್ರ ಓಡುವಂತಿದ್ದರೆ ಪತ್ರ ಲೆಕ್ಕಿಗರ ಬಳಿ ಹೋಗುತ್ತದೆ, ಪ್ಯಾಕಿಂಗ್ ನೋಡುವವರಿಗೆ ಸುದ್ದಿಯೇ ಮುಟ್ಟುವುದಿಲ್ಲ. ರೂಲ್ ತಪ್ಪಿದೆ ಎಂದು ಸಾಫ್ಟ್‌ವೇರ್ ಹೇಳುವುದಿಲ್ಲ. ಒಂದು ಮೇಜಿನ ಮೇಲೆ ಟಿಕೆಟ್ ರಾಶಿ ಬಿದ್ದು ಪಕ್ಕದ ಮೇಜು ಖಾಲಿ ಇದ್ದರೆ ಮೊದಲು ಕ್ರಮವನ್ನೇ ಪರೀಕ್ಷಿಸಬೇಕು. ಗಂಟೆಗಳ ಲೆಕ್ಕದ ರೂಲ್‌ಗಳದು ಬೇರೆ ಕಥೆ. ಝೆಂಡೆಸ್ಕ್‌ನಲ್ಲಿ ಅವು ಗಂಟೆಗೊಮ್ಮೆ ಓಡುತ್ತವೆ. ನಾಲ್ಕು ಗಂಟೆ ಉತ್ತರವಿಲ್ಲದಿದ್ದರೆ ಎಚ್ಚರಿಸು ಎಂದು ಬರೆದಿದ್ದರೆ ಎಚ್ಚರಿಕೆ ಐದನೇ ಗಂಟೆಯ ಹತ್ತಿರ ಬರಬಹುದು. ಗ್ರಾಹಕರಿಗೆ ನಾಲ್ಕು ಗಂಟೆಯ ಮಾತು ಕೊಟ್ಟವರು ರೂಲ್‌ನಲ್ಲಿ ಮೂರು ಎಂದು ಬರೆಯುವುದು ಕ್ಷೇಮ.

ಎಲ್ಲಕ್ಕಿಂತ ತಡವಾಗಿ ಕಚ್ಚುವುದು ರಿಪೋರ್ಟಿನ ಮಿತಿ, ಅದಕ್ಕೇ ಕೊಳ್ಳುವಾಗ ಯಾರೂ ಅದನ್ನು ಕೇಳುವುದಿಲ್ಲ. ಪ್ಲಾನ್ ಮೂರು ತಿಂಗಳ ರಿಪೋರ್ಟ್ ಮಾತ್ರ ತೋರಿಸುತ್ತದೆ ಎಂದುಕೊಳ್ಳಿ. ಹಳೆಯ ಟಿಕೆಟ್‌ಗಳು ಹುಡುಕಿದರೆ ಸಿಗುತ್ತವೆ, ಆದರೆ ದಿನಾಂಕದ ಪಟ್ಟಿಯಲ್ಲಿ ಹಿಂದಿನ ತಿಂಗಳುಗಳನ್ನು ಆರಿಸಲು ಬರುವುದಿಲ್ಲ. ಕಳೆದ ದೀಪಾವಳಿಯಲ್ಲಿ ದಿನಕ್ಕೆ ಎಷ್ಟು ಟಿಕೆಟ್ ಬಂದಿತ್ತು, ಮೊದಲ ಉತ್ತರಕ್ಕೆ ಎಷ್ಟು ಹೊತ್ತಾಗಿತ್ತು ಎಂಬುದು ಈ ವರ್ಷ ಎಷ್ಟು ಜನ ಬೇಕೆಂದು ನಿರ್ಧರಿಸುವಾಗಲೇ ಕೈಗೆ ಸಿಗದೆ ಹೋಗುತ್ತದೆ. ಕಾಫಿ ಸಂಸ್ಥೆ ಮೂವರನ್ನು ಸೇರಿಸಿಕೊಂಡದ್ದು ಅಂದಾಜಿನ ಮೇಲೆ, ಇಬ್ಬರೇ ಸಾಕಿತ್ತೇನೋ.

ಇದಕ್ಕೆ ಮೇಲಿನ ಪ್ಲಾನ್ ಬೇಕಿಲ್ಲ, ಶಿಸ್ತು ಸಾಕು. ತಿಂಗಳ ಮೊದಲ ದಿನ ಹಿಂದಿನ ತಿಂಗಳ ಟಿಕೆಟ್ ಪಟ್ಟಿಯನ್ನು ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಳ್ಳಬೇಕು. ಟಿಕೆಟ್ ಸಂಖ್ಯೆ, ತೆರೆದ ಸಮಯ, ಮೊದಲ ಉತ್ತರದ ಸಮಯ, ಮುಚ್ಚಿದ ಸಮಯ, ಚಾನೆಲ್, ಏಜೆಂಟ್ ಎಂಬ ಆರು ಅಂಕಣಗಳಿದ್ದರೆ ಎಕ್ಸೆಲ್‌ನಲ್ಲಿ ವರ್ಷಗಳ ಹೋಲಿಕೆ ಮಾಡಬಹುದು. ಕೆಳಗಿನ ಪ್ಲಾನಿನಲ್ಲಿ ಹೀಗೆ ಇಳಿಸಿಕೊಳ್ಳುವ ಸೌಲಭ್ಯ ಇದೆಯೇ ಎಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು.

ಕೊಳ್ಳಲು ಹೊರಟವರು ಉಚಿತ ಪರೀಕ್ಷಾ ಅವಧಿಯ ಖಾತೆಯನ್ನು ನೋಡಿ ಮರುಳಾಗದಿರಲಿ. ಅದರಲ್ಲಿ ಹೆಚ್ಚಾಗಿ ಮೇಲಿನ ಪ್ಲಾನಿನ ಸೌಲಭ್ಯಗಳೇ ತೆರೆದಿರುತ್ತವೆ. ತಾವು ಕೊಳ್ಳಲಿರುವ ಪ್ಲಾನಿಗೇ ಅದನ್ನು ಇಳಿಸಿಕೊಂಡು, ಕಳೆದ ವಾರದ ನಿಜವಾದ ಪತ್ರಗಳನ್ನು ಹಾಯಿಸಿ ನೋಡಲಿ. ವರ್ಷದ ನಡುವೆ ಸೀಟು ಕಡಿಮೆ ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರವನ್ನು ಸಹಿ ಹಾಕುವ ಮೊದಲೇ ಇಮೇಲಿನಲ್ಲಿ ಪಡೆದಿಟ್ಟುಕೊಳ್ಳಲಿ.