ಇನ್ನೂರ ಮೂವತ್ತಾರು ರೂಪಾಯಿಯ ಕಾಗದ

ನಮ್ಮ ಬೀದಿಗೆ ಹೂ ತರುವ ಅಕ್ಕ ಮಾರ್ಚ್‌ನಲ್ಲಿ ಒಂದು ದಿನ ಬುಟ್ಟಿ ಜಗಲಿ ಮೇಲಿಟ್ಟು, ಸೆರಗಿನಿಂದ ಪಾಸ್‌ಬುಕ್ ತೆಗೆದರು. "ಸಾರ್, ಎರಡು ಸಲ ದುಡ್ಡು ಹಿಡ್ಕೊಂಡವ್ರೆ. ಯಾಕಂತ ಕೇಳಿದ್ರೆ ಕಾರ್ಡಿಂದು ಅಂತಾರೆ. ನಾನು ಕಾರ್ಡ್ ಉಜ್ಜೇ ಇಲ್ವಲ್ಲ!" ನಾನು ಬ್ಯಾಂಕಿನಲ್ಲಿ ಕೌಂಟರಿನ ಆಚೆ ಕೂತು ಕೆಲಸ ಮಾಡಿ ನಿವೃತ್ತನಾದವನು ಅನ್ನೋದು ಬೀದಿಗೆಲ್ಲ ಗೊತ್ತು.

ಪಾಸ್‌ಬುಕ್ಕಿನಲ್ಲಿ 4ನೇ ತಾರೀಕು 61 ರೂಪಾಯಿ ಕಳೆದಿತ್ತು, 11ನೇ ತಾರೀಕು 175. ಪಕ್ಕದಲ್ಲಿ ಕಾರ್ಡ್ ಎಎಂಸಿ ಎಂಬ ಗುರುತು, ಅಂದರೆ ವಾರ್ಷಿಕ ಶುಲ್ಕ. ಎರಡನ್ನೂ ಕೂಡಿಸಿದರೆ 236. ಶುಲ್ಕ 200, ಅದರ ಮೇಲೆ ಶೇಕಡ 18ರಂತೆ ಜಿಎಸ್‌ಟಿ 36. ಹಾಗಾದರೆ ಹಿಡಿದದ್ದು ಎರಡು ಸಲವಲ್ಲ, ಒಂದೇ ಶುಲ್ಕ ಎರಡು ತುಂಡಾಗಿತ್ತು. 4ರಂದು ಖಾತೆಯಲ್ಲಿ ಇದ್ದದ್ದೇ 61, ಅಷ್ಟನ್ನು ಎಳೆದುಕೊಂಡು ಉಳಿದದ್ದನ್ನು ಬಾಕಿ ಅಂತ ಬರೆದಿಟ್ಟುಕೊಂಡ ಕಂಪ್ಯೂಟರು, 11ರಂದು ಗೃಹಲಕ್ಷ್ಮಿಯ 2000 ಬಿದ್ದ ತಕ್ಷಣ 175 ಕಿತ್ತುಕೊಂಡಿತ್ತು. "ಎರಡು ಸಲ ಹಿಡಿದಿದ್ದೀರಿ" ಎಂದು ಅಕ್ಕ ಕಾಗದ ಬರೆದಿದ್ದರೆ "ಇಲ್ಲ, ಒಂದೇ ಸಲ" ಎಂಬ ಒಂದು ಸಾಲಿನ ಉತ್ತರದಲ್ಲಿ ಮ್ಯಾನೇಜರು ಕೈತೊಳೆದುಕೊಳ್ಳುತ್ತಿದ್ದರು. ಅದು ಸುಳ್ಳೂ ಆಗುತ್ತಿರಲಿಲ್ಲ.

ಹಾಗಿದ್ದರೆ ತಪ್ಪು ಎಲ್ಲಿ? ಕಾರ್ಡ್ ಉಜ್ಜಲಿಲ್ಲ ಅನ್ನುವುದು ವಾದವೇ ಅಲ್ಲ. ಸಾಮಾನ್ಯ ಉಳಿತಾಯ ಖಾತೆಯಾದರೆ ಕಾರ್ಡ್ ಬೀರುವಿನಲ್ಲೇ ಇದ್ದರೂ ವರ್ಷಕ್ಕೊಮ್ಮೆ ಶುಲ್ಕ ಬೀಳುತ್ತದೆ. ನಾನು ಪಾಸ್‌ಬುಕ್ಕಿನ ಮೊದಲ ಪುಟಕ್ಕೆ ಹೋದೆ. ಖಾತೆ ತೆರೆದದ್ದು 2014ರಲ್ಲಿ, ಜನಧನ್ ಯೋಜನೆಯಲ್ಲಿ. ಅಂದರೆ ಅದು ರಿಸರ್ವ್ ಬ್ಯಾಂಕ್ ಹೇಳುವ ಬೇಸಿಕ್ ಉಳಿತಾಯ ಖಾತೆ. ಅಂಥ ಖಾತೆಗೆ ಕನಿಷ್ಠ ಬಾಕಿ ಇಡಬೇಕೆಂಬ ಷರತ್ತಿಲ್ಲ, ಎಟಿಎಂ ಕಾರ್ಡನ್ನು ಪುಕ್ಕಟೆ ಕೊಡಬೇಕು, ಅದಕ್ಕೆ ವಾರ್ಷಿಕ ಶುಲ್ಕ ಹಿಡಿಯುವಂತಿಲ್ಲ. ಝೀರೋ ಬ್ಯಾಲೆನ್ಸ್ ಖಾತೆಗಳೆಲ್ಲ ಈ ಜಾತಿಗೆ ಸೇರಿದವಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಂಬಳದ ಖಾತೆಯಲ್ಲೂ ಸೊನ್ನೆ ಇಡಬಹುದು, ಆದರೆ ಅದಕ್ಕೆ ಈ ರಕ್ಷಣೆ ಇಲ್ಲ.

ಜನಧನ್ ಖಾತೆಗೆ ಶುಲ್ಕ ಬಿದ್ದದ್ದು ಹೇಗೆ? ಶಾಖೆಯಲ್ಲಿ ಯಾರೂ ಕೂತು ಅಕ್ಕನ ಖಾತೆಯಿಂದ 236 ಕಳೆಯುವುದಿಲ್ಲ. ಕೇಂದ್ರದ ಕಂಪ್ಯೂಟರು ಖಾತೆಯ ಸ್ಕೀಮ್ ಕೋಡ್ ನೋಡುತ್ತದೆ, ಕಾರ್ಡ್ ಯಾವ ನಮೂನೆಯದು ಎಂದು ನೋಡುತ್ತದೆ, ಲಕ್ಷಾಂತರ ಖಾತೆಗಳಿಗೆ ಒಟ್ಟಿಗೇ ಶುಲ್ಕ ಹಾಕುತ್ತದೆ. ಈ ಎರಡರಲ್ಲಿ ಒಂದು ಬದಲಾಗಿದ್ದರೆ ಸಾಕು. ಕೇಳಿದಾಗ ಅಕ್ಕ ನೆನಪು ಮಾಡಿಕೊಂಡರು: ಎರಡು ವರ್ಷದ ಹಿಂದೆ ಕೆವೈಸಿ ಮಾಡಿಸಲು ಹೋದಾಗ ಹಳೇ ಕಾರ್ಡ್ ಕತ್ತರಿಸಿ ಹೊಸದು ಕೊಟ್ಟಿದ್ದರು. ಮೊದಲ ವರ್ಷ ಉಚಿತವಿದ್ದು ಎರಡನೇ ವರ್ಷದಿಂದ ಶುಲ್ಕ ಶುರುವಾಗುವುದು ಮಾಮೂಲು. ಲೆಕ್ಕ ತಾಳೆಯಾಯಿತು.

ಹಾಗಾಗಿ ಬರೀ ದುಡ್ಡು ಕೇಳಿ ಪ್ರಯೋಜನವಿಲ್ಲ. ಮ್ಯಾನೇಜರು ಸಜ್ಜನರಾದರೆ 236 ವಾಪಸ್ ಹಾಕುತ್ತಾರೆ, ಕೋಡ್ ಹಾಗೇ ಉಳಿದು ಮುಂದಿನ ಮಾರ್ಚ್‌ನಲ್ಲಿ ಮತ್ತೆ ಬೀಳುತ್ತದೆ. ನನ್ನ ಕಾಲದಲ್ಲಿ ವರ್ಷಾ ವರ್ಷ ಅದೇ ತಿಂಗಳು ಅದೇ ದೂರು ಹಿಡಿದು ಬರುವವರಿದ್ದರು, ಜಾತ್ರೆಗೆ ಬಂದ ಹಾಗೆ. ಜಗಲಿ ಮೇಲೆ ಕೂತು ನಾವು ಬರೆದ ಕಾಗದ ಇದು:

ಗೆ,
ಶಾಖಾ ವ್ಯವಸ್ಥಾಪಕರು

ವಿಷಯ: ಜನಧನ್ ಖಾತೆಯಿಂದ ಎಟಿಎಂ ಕಾರ್ಡ್ ವಾರ್ಷಿಕ ಶುಲ್ಕ ರೂ. 236 ಕಡಿತ – ಮರುಜಮೆ ಕೋರಿ.

ಮಾನ್ಯರೇ,
ನನ್ನ ಮೇಲ್ಕಂಡ ಉಳಿತಾಯ ಖಾತೆಯನ್ನು 2014ರಲ್ಲಿ ಜನಧನ್ ಯೋಜನೆಯಡಿ ತಮ್ಮ ಶಾಖೆಯಲ್ಲೇ ತೆರೆಯಲಾಗಿದೆ. ಕಾರ್ಡ್ ವಾರ್ಷಿಕ ಶುಲ್ಕವೆಂದು ಮಾರ್ಚ್ 4ರಂದು ರೂ. 61, ಮಾರ್ಚ್ 11ರಂದು ರೂ. 175, ಒಟ್ಟು ರೂ. 236 ಕಳೆಯಲಾಗಿದೆ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೇಸಿಕ್ ಉಳಿತಾಯ ಖಾತೆಗೆ ಎಟಿಎಂ ಕಾರ್ಡ್ ಶುಲ್ಕರಹಿತ. ಖಾತೆಯನ್ನು ಬೇರೆ ವರ್ಗಕ್ಕೆ ಬದಲಿಸಲು ಅಥವಾ ಶುಲ್ಕವಿರುವ ಕಾರ್ಡ್ ಕೊಡಲು ನಾನು ಕೇಳಿಲ್ಲ.

ಜಿಎಸ್‌ಟಿ ಸಹಿತ ರೂ. 236 ಮರುಜಮೆ ಮಾಡಿ. ನನ್ನ ಖಾತೆ ಈಗ ಯಾವ ಸ್ಕೀಮ್‌ನಲ್ಲಿದೆ, ಕಾರ್ಡ್ ಯಾವ ನಮೂನೆಯದು ಎಂದು ಲಿಖಿತವಾಗಿ ತಿಳಿಸಿ, ಬದಲಾಗಿದ್ದರೆ ಮೊದಲಿನಂತೆ ಸರಿಪಡಿಸಿ.

ಲಗತ್ತು: ಪಾಸ್‌ಬುಕ್ ಮೊದಲ ಪುಟ ಮತ್ತು ಮಾರ್ಚ್ ಪುಟದ ನಕಲು.

ಮೇಲೆ ಬಲಗಡೆ ಹೆಸರು, ವಿಳಾಸ, ಖಾತೆ ಸಂಖ್ಯೆ, ಮೊಬೈಲ್ ನಂಬರು, ತಾರೀಕು, ಕೆಳಗೆ ಸಹಿ. ಕಾರ್ಡಿನ ಕೊನೆಯ ನಾಲ್ಕು ಅಂಕಿ ಮಾತ್ರ ಸಾಕು. ಪಿನ್, ಓಟಿಪಿ ಯಾವ ಕಾಗದದಲ್ಲೂ ಬರಬಾರದು. "ಬಡವಿ, ಹೂ ಮಾರಿ ಬದುಕುವವಳು ಅಂತಲೂ ಹಾಕಿ ಸಾರ್" ಅಂದರು ಅಕ್ಕ. ನಾನು ಬೇಡವೆಂದೆ. ಕನಿಕರ ಬೇಡಿದರೆ ಕಾಗದ ಮನವಿಯಾಗುತ್ತದೆ, ಮನವಿಯನ್ನು ಪಕ್ಕಕ್ಕಿಡುವುದು ಸುಲಭ. ಎರಡು ತಾರೀಕು, ಎರಡು ಮೊತ್ತ, ಒಂದು ನಿಯಮಕ್ಕೆ ಉತ್ತರ ಕೊಡಲೇಬೇಕು.

ಕಾಗದಕ್ಕಿಂತ ಹೆಚ್ಚು ಮುಖ್ಯವಾದದ್ದು ಅದರ ಎರಡನೇ ಪ್ರತಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಬ್ಯಾಂಕಿನ ಸೀಲು, ತಾರೀಕು, ಸಹಿ ಹಾಕಿಸಿಕೊಳ್ಳಬೇಕು. ಅಕ್ಕನಿಗೆ ಕೌಂಟರಿನಲ್ಲಿ "ಕೊಟ್ಟು ಹೋಗಮ್ಮ, ನೋಡ್ತೀವಿ" ಅಂದರಂತೆ. ಅಕ್ಕ ಅಲ್ಲಾಡಲಿಲ್ಲ. "ಸೀಲ್ ಹಾಕ್ಕೊಡಿ, ಹೋಗ್ತೀನಿ." ಹಾಕಿದರು. ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಂಡರೂ ನಡೆಯುತ್ತದೆ.

ಸೀಲಿಗೆ ಇಷ್ಟು ಹಟ ಯಾಕೆಂದರೆ 30 ದಿನದ ಲೆಕ್ಕ ಶುರುವಾಗುವುದು ಆ ತಾರೀಕಿನಿಂದ. ಅಷ್ಟರೊಳಗೆ ಬ್ಯಾಂಕು ಉತ್ತರಿಸದಿದ್ದರೆ, ಅಥವಾ ಕೊಟ್ಟ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. cms.rbi.org.in ತಾಣದಲ್ಲಿ ದೂರು ದಾಖಲಿಸಬಹುದು, 14448ಕ್ಕೆ ಕರೆ ಮಾಡಿ ಹೇಗೆಂದು ಕೇಳಬಹುದು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಮೊದಲು ಬ್ಯಾಂಕಿಗೆ ಬರೆದುಕೊಟ್ಟದ್ದಕ್ಕೆ ದಾಖಲೆ ಇಲ್ಲದಿದ್ದರೆ ಅಲ್ಲಿ ದೂರು ನಿಲ್ಲುವುದಿಲ್ಲ. ಬಾಯಲ್ಲಿ ಹತ್ತು ಸಲ ಹೇಳಿದ್ದು ಅಲ್ಲಿ ಲೆಕ್ಕಕ್ಕಿಲ್ಲ.

ಅಕ್ಕನಿಗೆ ಅಷ್ಟು ದೂರ ಹೋಗಬೇಕಾಗಿ ಬರಲಿಲ್ಲ. ಒಂಬತ್ತನೇ ದಿನ ಮೊಬೈಲಿಗೆ ಮೆಸೇಜು ಬಂತು, ಆದರೆ ಜಮೆಯಾದದ್ದು 200 ಮಾತ್ರ. ಜಿಎಸ್‌ಟಿ ಸರ್ಕಾರಕ್ಕೆ ಹೋಯಿತು, ನಮ್ಮ ಕೈಲಿಲ್ಲ ಅಂದರಂತೆ. ಶುಲ್ಕವೇ ತಪ್ಪಾದ ಮೇಲೆ ಅದರ ಮೇಲಿನ ತೆರಿಗೆ ಉಳಿಯುವುದು ಹೇಗೆ? ಸೀಲು ಹಾಕಿದ ಪ್ರತಿಯಲ್ಲಿ "ಜಿಎಸ್‌ಟಿ ಸಹಿತ" ಎಂದಿರುವುದನ್ನು ತೋರಿಸಿದ ಮೇಲೆ ಆ 36 ಕೂಡ ಬಂತು. ಖಾತೆಯ ಕೋಡ್ ಸರಿಯಾಗಿಯೇ ಇತ್ತು; ಕೆವೈಸಿ ದಿನ ಕೊಟ್ಟ ಕಾರ್ಡ್ ಶುಲ್ಕದ ನಮೂನೆಯದು. ಅದನ್ನು ರದ್ದು ಮಾಡಿ ಬೇರೆಯದಕ್ಕೆ ಅರ್ಜಿ ಬರೆಸಿಕೊಂಡರು.

ಮರುವಾರ ಅಕ್ಕ ತಮ್ಮ ಓರಗಿತ್ತಿಯ ಪಾಸ್‌ಬುಕ್ ತಂದರು. ಅದರಲ್ಲೂ 236. ಅದು ಹೊಲಿಗೆ ಅಂಗಡಿಗೆಂದು ಚೆಕ್‌ಬುಕ್ ಸಮೇತ ತೆರೆದ ಸಾಮಾನ್ಯ ಉಳಿತಾಯ ಖಾತೆ, ಶುಲ್ಕ ಸರಿಯಾಗಿಯೇ ಬಿದ್ದಿತ್ತು. ಕಾರ್ಡ್ ಬಳಸುತ್ತಾರಾ ಎಂದು ಕೇಳಿದೆ. ಇಲ್ಲ ಅಂದರು. ಈ ಸಲ ದೂರಿನ ಬದಲು, ಕಾರ್ಡ್ ಹಿಂದಿರುಗಿಸುತ್ತೇನೆ ಎಂದು ಮೂರು ಸಾಲು ಬರೆದುಕೊಟ್ಟೆ. ಅದಕ್ಕೂ ಎರಡು ಪ್ರತಿ.