ಎಸಿಯ ತಿಂಗಳ ಖರ್ಚು ಲೆಕ್ಕ ಹಾಕುವುದು ಹೇಗೆ?

ಒಂದು ಯೂನಿಟ್ ಎಂದರೆ 1,000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಖರ್ಚಾಗುವ ವಿದ್ಯುತ್. ಹಾಗಾಗಿ 1,500 ವ್ಯಾಟಿನ ಎಸಿ ಗಂಟೆಗೆ ಒಂದೂವರೆ ಯೂನಿಟ್ ಎಳೆಯಬೇಕು. ದಿನಕ್ಕೆ 8 ಗಂಟೆಯಂತೆ 30 ದಿನಕ್ಕೆ 360 ಯೂನಿಟ್. ಇಲ್ಲಿ ಹಿಡಿಯಬೇಕಾದದ್ದು ಎಸಿ ಎಳೆಯುವ ವಿದ್ಯುತ್ತಿನ ವ್ಯಾಟ್. ಒಂದೂವರೆ ಟನ್ನಿನ ಎಸಿಯ ಮೇಲೆ 5,000 ವ್ಯಾಟಿನ ಆಸುಪಾಸಿನ ಇನ್ನೊಂದು ಅಂಕಿಯೂ ಇರುತ್ತದೆ. ಅದು ತಂಪು ಮಾಡುವ ಸಾಮರ್ಥ್ಯ. ಅದನ್ನೇ ಹಿಡಿದು ಲೆಕ್ಕ ಹಾಕಿ ಗಾಬರಿಯಾಗುವವರುಂಟು.

360 ಎಂಬುದೂ ಮೇಲ್ಮಿತಿಯೇ. ಕೋಣೆ ತಣ್ಣಗಾದ ಮೇಲೆ ಕಂಪ್ರೆಸರ್ ನಿಲ್ಲುತ್ತದೆ, ಇನ್ವರ್ಟರ್ ಎಸಿಯಾದರೆ ನಿಧಾನವಾಗುತ್ತದೆ. ನಕ್ಷತ್ರಗಳಿರುವ ಲೇಬಲ್ಲಿನಲ್ಲಿ ವರ್ಷದ ಯೂನಿಟ್‌ಗಳನ್ನು 1,600 ಗಂಟೆಗಳ ಬಳಕೆಗೆಂದು ಕೊಟ್ಟಿರುತ್ತಾರೆ. ಅಲ್ಲಿ 800 ಎಂದಿದ್ದರೆ ಗಂಟೆಗೆ ಅರ್ಧ ಯೂನಿಟ್. ಬಿಸಿಲು ಬಡಿಯುವ ಮಹಡಿ, ಸಂದು ಬಿಟ್ಟ ಕಿಟಕಿ, ಧೂಳು ತುಂಬಿದ ಫಿಲ್ಟರ್ ಇದ್ದಲ್ಲಿ ಅದು ಏರುತ್ತದೆ. ನಂಬಬಹುದಾದ ಅಂಕಿ ಮೀಟರಿನದು. ಎಸಿ ಹಾಕಿದ ಒಂದು ರಾತ್ರಿ, ಹಾಕದ ಒಂದು ರಾತ್ರಿ ಅದೇ ಹೊತ್ತಿನ ರೀಡಿಂಗ್ ಬರೆದುಕೊಂಡು ಕಳೆದರೆ ಫ್ರಿಜ್ಜು, ಫ್ಯಾನಿನ ಪಾಲು ಹೊರಗುಳಿಯುತ್ತದೆ. 8 ಗಂಟೆಗೆ 6 ಯೂನಿಟ್ ವ್ಯತ್ಯಾಸ ಬಂತೆನ್ನಿ. ತಿಂಗಳಿಗೆ 180 ಯೂನಿಟ್.

ಇನ್ನು ದರ. ಎಸಿ ಇಲ್ಲದೆ ತಿಂಗಳಿಗೆ 150 ಯೂನಿಟ್ ಸುಡುವ ಮನೆ ದೆಹಲಿಯಲ್ಲಿದೆ ಎಂದುಕೊಳ್ಳೋಣ. ಅಲ್ಲಿ ಮೊದಲ 200 ಯೂನಿಟ್‌ಗೆ 3 ರೂಪಾಯಿ, ಮುಂದಿನ 200ಕ್ಕೆ ನಾಲ್ಕೂವರೆ. ಸಬ್ಸಿಡಿ, ನಿಗದಿತ ಶುಲ್ಕ, ಸರ್‌ಚಾರ್ಜ್ ಬಿಟ್ಟರೆ ಎಸಿಗೆ ಮುಂಚೆ 450 ರೂಪಾಯಿ. ಎಸಿ ಸೇರಿದ 330 ಯೂನಿಟ್‌ಗೆ 600 ಮತ್ತು 585, ಒಟ್ಟು 1,185. ಎಸಿಯ ಖರ್ಚು 735 ರೂಪಾಯಿ. ಒಟ್ಟು ಬಿಲ್ಲಿನ ಸರಾಸರಿ ದರದಿಂದ ಗುಣಿಸಿದರೆ ಸುಮಾರು 646 ಮಾತ್ರ ಬರುತ್ತದೆ. ಎಸಿಯ ಯೂನಿಟ್‌ಗಳು ಮನೆಯ ಮಾಮೂಲು ಬಳಕೆಯ ಮೇಲೆ ಕೂರುವುದರಿಂದ ಹೆಚ್ಚಿನ ದರದ ಸ್ಲ್ಯಾಬ್ ಅವುಗಳ ಪಾಲಿಗೇ ಬರುತ್ತದೆ. ಎಸಿ ಇದ್ದಾಗಿನ ಬಿಲ್ಲಿನಿಂದ ಇಲ್ಲದಾಗಿನದನ್ನು ಕಳೆಯುವುದೇ ಸರಿಯಾದ ದಾರಿ.

ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಗೃಹಬಳಕೆಗೆ ಸ್ಲ್ಯಾಬ್ ಇಲ್ಲ. 2025-26ರ ದರ ಎಲ್ಲ ಯೂನಿಟ್‌ಗೂ 5.80 ರೂಪಾಯಿ. ಆದರೆ ಗೃಹಜ್ಯೋತಿಯ 200 ಯೂನಿಟ್‌ನ ಗೆರೆ ಯಾವ ಸ್ಲ್ಯಾಬ್‌ಗಿಂತಲೂ ಕಡಿದು. ಅದನ್ನು ದಾಟಿದರೆ ಬಿಲ್ ಪೂರ್ತಿ ಕಟ್ಟಬೇಕು. ಅದೇ 150 ಯೂನಿಟ್‌ನ ಮನೆಗೆ ಇಲ್ಲಿ ಶೂನ್ಯ ಬಿಲ್ ಬರುತ್ತಿದ್ದರೆ, ಎಸಿಯ 180 ಯೂನಿಟ್‌ಗೆ 1,044 ರೂಪಾಯಿ ಎಂದು ಎಣಿಸುವುದು ತಪ್ಪು. 330 ಯೂನಿಟ್‌ನ 1,914 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ ಎಲ್ಲವೂ ಎಸಿಯ ಖಾತೆಗೇ. ದಿನಕ್ಕೆ 2 ಗಂಟೆ ಮಾತ್ರ ಓಡಿಸಿದರೆ ಒಟ್ಟು 195 ಯೂನಿಟ್. ಆಗ ಮನೆಗೆ ಮಂಜೂರಾದ ಉಚಿತ ಯೂನಿಟ್‌ಗಿಂತ ಹೆಚ್ಚಾದಷ್ಟಕ್ಕೆ ಮಾತ್ರ ಹಣ ಕಟ್ಟಿದರಾಯಿತು.