ಜನಪದ ಪಠ್ಯದ ಮೂರು ಸಾರಾಂಶಗಳು: ‘ಕೆರೆಗೆ ಹಾರ’ದ ನಿದರ್ಶನ

ಜನಪದ ಪಠ್ಯವೊಂದು ಸಂಗ್ರಹಾಲಯವನ್ನು ಸೇರಿದಾಗ ಅದಕ್ಕೆ ಸಾರಾಂಶ ಬರೆಯುವುದು ವಾಡಿಕೆ. ಐವತ್ತು, ಇಪ್ಪತ್ತು ಮತ್ತು ಹತ್ತು ಪದಗಳ ಮೂರು ಸಾರಾಂಶಗಳು ಒಂದೇ ಕೆಲಸವನ್ನು ಮಾಡುವುದಿಲ್ಲ. ಆದುದರಿಂದ ದೊಡ್ಡದನ್ನು ಕತ್ತರಿಸಿ ಚಿಕ್ಕದನ್ನು ಪಡೆಯುವ ಕ್ರಮ ಸಲ್ಲದು; ಪ್ರತಿಯೊಂದನ್ನೂ ಮೂಲಪಠ್ಯಕ್ಕೆ ಹಿಂತಿರುಗಿ ಬರೆಯಬೇಕು. ಉತ್ತರ ಕರ್ನಾಟಕದ ‘ಕೆರೆಗೆ ಹಾರ’ ಕಥನಗೀತೆಯನ್ನು ಇಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಕನ್ನಡದಲ್ಲಿ ಪದಗಳನ್ನು ಎಣಿಸುವುದಕ್ಕೆ ಮೊದಲೇ ಒಂದು ನಿಯಮ ಬೇಕಾಗುತ್ತದೆ. ಸಂಧಿ, ಸಮಾಸಗಳ ಮೂಲಕ ಎರಡು ಮೂರು ಪದಗಳನ್ನು ಬೆಸೆದು ಲೆಕ್ಕವನ್ನು ತಗ್ಗಿಸುವುದು ಸುಲಭ. ಇಲ್ಲಿ ಎರಡು ತೆರಪುಗಳ ನಡುವಿನದನ್ನು ಒಂದು ಪದವೆಂದು ಎಣಿಸಿದೆ. ಓದುವಾಗ ತಡವರಿಸುವಂತಹ ಬೆಸುಗೆಯನ್ನು ಬಿಟ್ಟಿದೆ.

ಐವತ್ತು ಪದಗಳ ರೂಪ ಹೀಗಿದೆ:

“ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ನೀರು ಬರುವುದಿಲ್ಲ. ಸೊಸೆಯನ್ನು ಬಲಿಕೊಡಬೇಕೆಂಬ ಮಾತಿಗೆ ಮನೆಯವರು ಕಿರಿಸೊಸೆ ಭಾಗೀರತಿಯನ್ನು ಆರಿಸುತ್ತಾರೆ. ಅವಳು ತವರಿಗೆ ಹೋಗಿ ತಂದೆತಾಯಿಗಳಿಂದ ನಿಜವನ್ನು ಮುಚ್ಚಿಟ್ಟು ಗೆಳತಿಗೆ ಮಾತ್ರ ಹೇಳಿ ಮರಳುತ್ತಾಳೆ. ಪೂಜೆಯ ನಂತರ ಮರೆತ ಬಟ್ಟಲನ್ನು ತರಲು ಅವಳನ್ನು ಕೆರೆಗೆ ಕಳಿಸುತ್ತಾರೆ. ಮೆಟ್ಟಿಲು ಮೆಟ್ಟಿಲಿಗೂ ನೀರು ಏರಿ ಅವಳು ಮುಳುಗುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಬಂದು, ನಡೆದುದನ್ನು ತಿಳಿದು ಅದೇ ಕೆರೆಗೆ ಹಾರಿ ಸಾಯುತ್ತಾನೆ.”

ಪೂರ್ಣ ಪಠ್ಯವನ್ನು ತರಿಸಿಕೊಳ್ಳಬೇಕೆ ಬೇಡವೆ ಎಂದು ಸಂಶೋಧಕ ತೀರ್ಮಾನಿಸುವುದು ಇದರಿಂದ. ಆದುದರಿಂದ ಇದರಲ್ಲಿ ಹೆಸರುಗಳು, ಘಟನೆಗಳ ಅನುಕ್ರಮ, ಮುಕ್ತಾಯ ಎಲ್ಲವೂ ಇರಬೇಕು. ತವರಿನ ಭಾಗ ಕಥೆಯ ಓಟಕ್ಕೆ ಅನಿವಾರ್ಯವಲ್ಲವೆಂದು ಅನೇಕರು ಅದನ್ನೇ ಮೊದಲು ಕೈಬಿಡುತ್ತಾರೆ. ಆದರೆ ಭಾಗೀರತಿ ತನ್ನ ಸಂಕಟವನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ಅಲ್ಲಿಯೇ. ಅದಿಲ್ಲದಿದ್ದರೆ ಅವಳು ಏನನ್ನೂ ಅರಿಯದೆ ಕೆರೆಗೆ ಇಳಿದವಳಂತೆ ಕಾಣುತ್ತಾಳೆ. ಅದು ಬೇರೆಯೇ ಕಥೆಯಾಗುತ್ತದೆ.

ಇಪ್ಪತ್ತು ಪದಗಳ ರೂಪ:

“ಗೌಡನೊಬ್ಬನ ಕೆರೆಗೆ ನೀರು ಬರಲೆಂದು ಮನೆಯವರು ಕಿರಿಸೊಸೆಯನ್ನು ಉಪಾಯದಿಂದ ಒಂಟಿಯಾಗಿ ಕೆರೆಗಿಳಿಸಿ ಬಲಿಕೊಡುತ್ತಾರೆ, ಅವಳು ಇದನ್ನು ಮೊದಲೇ ಅರಿತಿರುತ್ತಾಳೆ, ದಂಡಿನಿಂದ ಮರಳಿದ ಗಂಡ ಅಲ್ಲೇ ಪ್ರಾಣ ಬಿಡುತ್ತಾನೆ.”

ಇದರ ನೆಲೆ ತೌಲನಿಕ ಸೂಚಿ. ಪಾಠಾಂತರಗಳಲ್ಲಿ ಊರು, ವ್ಯಕ್ತಿಗಳ ಹೆಸರು ಬದಲಾಗಬಹುದು. ಪಾತ್ರಗಳ ಸಂಬಂಧ ಅಷ್ಟು ಸುಲಭವಾಗಿ ಬದಲಾಗದು. ಆದುದರಿಂದ ಇಲ್ಲಿ ಹೆಸರುಗಳನ್ನು ಬಿಟ್ಟು ಗೌಡ, ಕಿರಿಸೊಸೆ, ಗಂಡ ಎಂಬ ಸ್ಥಾನಗಳನ್ನಷ್ಟೇ ಉಳಿಸಿದೆ. ಸ್ಟಿತ್ ಥಾಮ್ಸನ್ ಅವರ ಆಶಯ ಸೂಚಿಯಲ್ಲಿ ಕಟ್ಟಡದ ಬುಡಕ್ಕೆ ನೀಡುವ ಬಲಿಗೆ ಎಸ್ 261 ಎಂಬ ಸಂಖ್ಯೆಯಿದೆ. ಬಾಲ್ಕನ್ ಪ್ರದೇಶದಲ್ಲಿ ಗೋಡೆಯೊಳಗೆ ಹೆಣ್ಣನ್ನು ಇಟ್ಟು ಕಟ್ಟುವ ಲಾವಣಿಗಳ ಜೊತೆಗೆ ಈ ಗೀತೆಯನ್ನು ಹೋಲಿಸುವವರಿಗೆ ‘ಭಾಗೀರತಿ’ ಎಂಬ ಹೆಸರಿಗಿಂತ ‘ಕಿರಿಸೊಸೆ’ ಎಂಬ ಸ್ಥಾನ ಹೆಚ್ಚು ಉಪಯುಕ್ತ.

ಹತ್ತು ಪದಗಳ ರೂಪ:

“ಕೆರೆಗೆ ಹಾರ: ನೀರಿಗಾಗಿ ಮನೆಯವರು ಕಿರಿಸೊಸೆ ಭಾಗೀರತಿಯನ್ನು ಬಲಿಕೊಡುವ ಉತ್ತರ ಕರ್ನಾಟಕದ ಕಥನಗೀತೆ.”

ಇದು ಧ್ವನಿಮುದ್ರಿಕೆಯ ಹೊದಿಕೆಗೆ, ಪರಿವಿಡಿಗೆ, ಗ್ರಂಥಾಲಯದ ಪಟ್ಟಿಗೆ ಸಲ್ಲುವಂಥದು. ಹುಡುಕುವವರು ಹೆಸರನ್ನು ಹಿಡಿದು ಬರುವುದರಿಂದ ಇಪ್ಪತ್ತರಲ್ಲಿ ಬಿಟ್ಟಿದ್ದ ಹೆಸರು ಇಲ್ಲಿ ಮರಳಿ ಬರುತ್ತದೆ. ಇಪ್ಪತ್ತು ಪದಗಳ ರೂಪವನ್ನೇ ಕತ್ತರಿಸಿದ್ದರೆ ಆ ಹೆಸರು ದೊರೆಯುತ್ತಲೇ ಇರಲಿಲ್ಲ.

ಹೆಚ್ಚಿನ ಅಪಾಯವಿರುವುದೂ ಈ ಕಿರಿಯ ರೂಪದಲ್ಲಿಯೇ. “ಊರಿನ ನೀರಿಗಾಗಿ ತನ್ನ ಪ್ರಾಣವನ್ನೇ ಅರ್ಪಿಸಿದ ಕಿರಿಸೊಸೆ ಭಾಗೀರತಿಯ ತ್ಯಾಗದ ಕರುಣ ಕಥನಗೀತೆ” ಎಂಬುದೂ ಹತ್ತೇ ಪದಗಳದು, ಓದಲೂ ಹಿತವಾಗಿದೆ. ಆದರೆ ಇದರಲ್ಲಿ ಬಲಿಕೊಟ್ಟವರು ಕಾಣೆಯಾಗಿದ್ದಾರೆ. ಗೀತೆಯಲ್ಲಿ ಆಯ್ಕೆ ಮಾಡುವವರು, ಬಟ್ಟಲಿನ ನೆಪದಿಂದ ಅವಳನ್ನು ಕಳಿಸುವವರು ಮನೆಯವರು. ‘ತ್ಯಾಗ’ ಎಂಬುದು ಪಠ್ಯದ ಒಂದು ವ್ಯಾಖ್ಯಾನ. ‘ಬಲಿಕೊಡುವ’ ಎಂಬುದು ಅಲ್ಲಿ ನಡೆಯುವ ಕ್ರಿಯೆ. ಪಟ್ಟಿಯನ್ನಷ್ಟೇ ನೋಡುವ ಓದುಗ ಆ ವ್ಯಾಖ್ಯಾನವನ್ನೇ ಕಥೆಯೆಂದು ಒಯ್ಯುತ್ತಾನೆ. ಇಂತಹ ತಪ್ಪನ್ನು ಗುರುತಿಸಲು ಸರಳವಾದ ಪರೀಕ್ಷೆಯೊಂದಿದೆ: ಸಾರಾಂಶದ ಮುಖ್ಯ ಕ್ರಿಯಾಪದವನ್ನು ಹಿಡಿದು ‘ಯಾರು?’ ಎಂದು ಕೇಳಬೇಕು. ಮೂಲಪಠ್ಯ ಕೊಡುವ ಉತ್ತರವನ್ನೇ ಸಾರಾಂಶವೂ ಕೊಡಬೇಕು.

ಹತ್ತು ಪದಗಳಿಗೆ ಮಿತಿಯೂ ಇದೆ. ಭಾಗೀರತಿ ಎಲ್ಲವನ್ನೂ ಮೊದಲೇ ಅರಿತಿದ್ದಳೆಂಬುದಾಗಲಿ, ಮಾದೇವರಾಯನ ಸಾವಾಗಲಿ ಅದರಲ್ಲಿ ಹಿಡಿಯಲಿಲ್ಲ. ಆದ್ದರಿಂದ ಅದು ಪಠ್ಯವನ್ನು ಗುರುತಿಸುವುದಕ್ಕೆ ಸಾಕೇ ಹೊರತು ಪಠ್ಯದ ಕುರಿತ ವಾದಕ್ಕೆ ಆಧಾರವಾಗದು. ವಾದಕ್ಕೆ ಐವತ್ತು ಪದಗಳೂ ಸಾಲವು. ಅಲ್ಲಿ ಪೂರ್ಣ ಪಠ್ಯವೇ ಬೇಕು.